ಪಟ್ಟಿಯಲ್ಲಿ ಏಳು, ಮೇಜಿನ ಮೇಲೆ ಇಪ್ಪತ್ತಕ್ಕೂ ಹೆಚ್ಚು

ದ್ವಿತೀಯ ಪಿಯುಸಿ ವಿಜ್ಞಾನ ಓದಿದವರೆಲ್ಲ ಒಂದಲ್ಲ ಒಂದು ದಿನ ನೇರಳೆ ಬಣ್ಣದ ದ್ರಾವಣ ತುಂಬಿದ ಬ್ಯುರೆಟ್ಟಿನ ಮುಂದೆ ನಿಂತವರೇ. ಆಕ್ಸಾಲಿಕ್ ಆಸಿಡ್ ಬಳಸಿ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದ ಸಾಂದ್ರತೆ ಕಂಡುಹಿಡಿಯುವ ಟೈಟ್ರೇಷನ್ ಅದು. ಪ್ರಯೋಗಕ್ಕೆ ಮೊದಲು ಕೈಗೆ ಒಂದು ಹಾಳೆ ಬರುತ್ತದೆ, ಇಲ್ಲವೇ ಪ್ರಯೋಗ ಪುಸ್ತಕದ ಒಂದು ಪುಟ. ಹೆಚ್ಚಿನವರು ಅದನ್ನು ಒಮ್ಮೆ ಓದಿ, ರೆಕಾರ್ಡಿಗೆ ಹಾಗೇ ಇಳಿಸಿ, ಪ್ರಯೋಗಕ್ಕೆ ಇಳಿಯುತ್ತಾರೆ. ಅರ್ಧ ದಾರಿಯಲ್ಲಿ ಥರ್ಮಾಮೀಟರ್ ಇಲ್ಲ ಎಂದು ಗೊತ್ತಾಗುತ್ತದೆ, ಬಿಸಿ ಫ್ಲಾಸ್ಕ್ ಹಿಡಿಯಲು ಏನೂ ಇಲ್ಲ ಎಂದು ಗೊತ್ತಾಗುತ್ತದೆ, ಬಣ್ಣ ಗುಲಾಬಿಯಾಗುವ ಬದಲು ಕಂದಾಗುತ್ತದೆ.

ಹಾಳೆ ತಪ್ಪಾಗಿರುವುದಿಲ್ಲ. ಆದರೆ ಪ್ರಯೋಗದ ಹಾಳೆಯನ್ನು ಬರೆಯುವವರು ಆ ಪ್ರಯೋಗವನ್ನು ಹಲವು ಸಲ ಮಾಡಿ ಕೈ ಪಳಗಿದವರು. ತಮಗೆ ಸಹಜವಾದದ್ದನ್ನು ಅವರು ಬರೆಯುವುದಿಲ್ಲ. ಬರೆಯದೆ ಬಿಟ್ಟದ್ದೆಲ್ಲ ಹಾಳೆಯ ಕ್ರಿಯಾಪದಗಳೊಳಗೆ ಅಡಗಿರುತ್ತದೆ. ‘ತೂಗಿ’ ಎಂಬ ಪದದಲ್ಲಿ ಒಂದು ತಕ್ಕಡಿ ಇದೆ. ‘ಬಿಸಿ ಮಾಡಿ’ ಎಂಬಲ್ಲಿ ಒಂದು ಉರಿಯೂ ಒಂದು ಅಪಾಯವೂ ಇವೆ. ಅದನ್ನು ಹೊರತೆಗೆಯುವುದು ಹೇಗೆ ಎಂದು ಇದೇ ಪ್ರಯೋಗವನ್ನು ಇಟ್ಟುಕೊಂಡು ನೋಡೋಣ.

ಹಾಳೆ ಹೀಗಿದೆ ಎಂದುಕೊಳ್ಳಿ:

ಉದ್ದೇಶ: ಕೊಟ್ಟಿರುವ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದ ಮೋಲಾರಿಟಿಯನ್ನು 0.05 ಮೋಲಾರ್ ಆಕ್ಸಾಲಿಕ್ ಆಸಿಡ್ ದ್ರಾವಣದಿಂದ ಕಂಡುಹಿಡಿಯುವುದು.

ಬೇಕಾಗುವ ವಸ್ತುಗಳು: ಬ್ಯುರೆಟ್, ಪಿಪೆಟ್, ಕೋನಿಕಲ್ ಫ್ಲಾಸ್ಕ್, 250 ಮಿ.ಲೀ. ಸ್ಟ್ಯಾಂಡರ್ಡ್ ಫ್ಲಾಸ್ಕ್, ಆಕ್ಸಾಲಿಕ್ ಆಸಿಡ್ ಹರಳು, ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣ, ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್.

ವಿಧಾನ:
1. 1.575 ಗ್ರಾಂ ಆಕ್ಸಾಲಿಕ್ ಆಸಿಡ್ ತೂಗಿ, ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, 250 ಮಿ.ಲೀ.ಗೆ ತನ್ನಿ.
2. ಬ್ಯುರೆಟ್ ತೊಳೆದು, ಪರ್ಮಾಂಗನೇಟ್ ದ್ರಾವಣದಿಂದ ಜಾಲಾಡಿಸಿ, ತುಂಬಿಸಿ, ಆರಂಭದ ರೀಡಿಂಗ್ ಬರೆದುಕೊಳ್ಳಿ.
3. 10 ಮಿ.ಲೀ. ಆಕ್ಸಾಲಿಕ್ ಆಸಿಡ್ ದ್ರಾವಣವನ್ನು ಪಿಪೆಟ್ಟಿನಿಂದ ಕೋನಿಕಲ್ ಫ್ಲಾಸ್ಕಿಗೆ ಹಾಕಿ.
4. ಒಂದು ಟೆಸ್ಟ್ ಟ್ಯೂಬ್ ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್ ಸೇರಿಸಿ.
5. 60ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ.
6. ಬಿಸಿ ಇರುವಾಗಲೇ, ಮಾಸದ ತಿಳಿ ಗುಲಾಬಿ ಬಣ್ಣ ಬರುವವರೆಗೆ ಟೈಟ್ರೇಟ್ ಮಾಡಿ.
7. ಹೊಂದುವ ರೀಡಿಂಗ್‌ಗಳು ಸಿಗುವವರೆಗೆ ಪುನರಾವರ್ತಿಸಿ.

ಎಚ್ಚರಿಕೆ: ಆಸಿಡ್‌ಗಳನ್ನು ಜಾಗರೂಕತೆಯಿಂದ ಬಳಸಿ.

ಇದನ್ನು ಮೂರು ಸಲ ಓದಬೇಕು: ಸಾಮಾನಿಗಾಗಿ ಒಮ್ಮೆ, ಕೆಲಸದ ಕ್ರಮಕ್ಕಾಗಿ ಒಮ್ಮೆ, ಅಪಾಯಕ್ಕಾಗಿ ಒಮ್ಮೆ. ಮೂರನ್ನೂ ಒಂದೇ ಓದಿನಲ್ಲಿ ಮುಗಿಸಲು ಹೋದರೆ ಕಣ್ಣು ಅಂಕಿಗಳ ಮೇಲೆ ಓಡಿ ಉಳಿದದ್ದನ್ನು ಬಿಡುತ್ತದೆ.

ಮೊದಲ ಓದು: ಸಾಮಾನು

ಪೆನ್ಸಿಲ್ ಹಿಡಿದು ವಿಧಾನದ ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಈ ಕೆಲಸಕ್ಕೆ ಕೈಯಲ್ಲಿ ಏನಿರಬೇಕು ಎಂದು ಒಂದೊಂದಕ್ಕೂ ಕೇಳಿಕೊಳ್ಳಿ.

‘ತೂಗಿ’ ಎಂದರೆ ತಕ್ಕಡಿ, ವಾಚ್ ಗ್ಲಾಸ್, ಹರಳು ತೆಗೆಯಲು ಸ್ಪ್ಯಾಚುಲಾ. 1.575 ಎಂದು ಮೂರು ದಶಮಾಂಶ ಸ್ಥಾನದವರೆಗೆ ಬರೆದಿರುವುದರಿಂದ, ಒಂದು ಮಿಲಿಗ್ರಾಂವರೆಗೆ ತೋರಿಸುವ ತಕ್ಕಡಿ ಬೇಕು ಎಂಬುದೂ ಆ ಅಂಕಿಯೊಳಗೇ ಇದೆ. ‘ಕರಗಿಸಿ’ ಎಂದರೆ ಬೀಕರ್, ಗಾಜಿನ ಕಡ್ಡಿ. ‘250 ಮಿ.ಲೀ.ಗೆ ತನ್ನಿ’ ಎಂದರೆ ಫನಲ್ ಮತ್ತು ವಾಷ್ ಬಾಟಲ್. ‘ತುಂಬಿಸಿ’ ಎಂದರೆ ಬ್ಯುರೆಟ್ ನಿಲ್ಲಿಸುವ ಸ್ಟ್ಯಾಂಡ್, ಅದಕ್ಕೊಂದು ಚಿಕ್ಕ ಫನಲ್. ‘ಪಿಪೆಟ್ಟಿನಿಂದ’ ಎಂದರೆ ದ್ರಾವಣ ಮೇಲೆಳೆಯಲು ರಬ್ಬರ್ ಬಲ್ಬ್. ‘ಬಿಸಿ ಮಾಡಿ’ ಎಂದರೆ ಬರ್ನರ್, ಲೈಟರ್, ತ್ರಿಪಾದಿ, ತಂತಿ ಬಲೆ, ಥರ್ಮಾಮೀಟರ್, ಬಿಸಿ ಫ್ಲಾಸ್ಕ್ ಹಿಡಿಯಲು ಇಕ್ಕಳ ಅಥವಾ ಮಡಿಸಿದ ದಪ್ಪ ಕಾಗದದ ಪಟ್ಟಿ. ‘ತಿಳಿ ಗುಲಾಬಿ ಬರುವವರೆಗೆ’ ಎಂದರೆ ಆ ಬಣ್ಣ ಕಣ್ಣಿಗೆ ಸ್ಪಷ್ಟವಾಗಿ ಕಾಣಲು ಫ್ಲಾಸ್ಕಿನ ಕೆಳಗೆ ಒಂದು ಬಿಳಿ ಟೈಲ್. ಹಾಳೆಯ ಪಟ್ಟಿಯಲ್ಲಿದ್ದದ್ದು ಏಳು. ಈಗ ಲೆಕ್ಕ ಇಪ್ಪತ್ತು ದಾಟಿತು.

ಎರಡನೆಯ ಪ್ರಶ್ನೆ: ಎಷ್ಟು ಬೇಕು? ಇಲ್ಲಿ ಹಾಳೆಯ ಅಂಕಿಗಳನ್ನು ಕಣ್ಣುಮುಚ್ಚಿ ನಂಬುವ ಬದಲು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಆಕ್ಸಾಲಿಕ್ ಆಸಿಡ್ ಹರಳಿನ ಅಣುವಿನಲ್ಲಿ ಎರಡು ನೀರಿನ ಅಣುಗಳು ಸೇರಿಕೊಂಡಿವೆ. ಆ ನೀರನ್ನೂ ಸೇರಿಸಿ ಒಂದು ಮೋಲ್‌ನ ತೂಕ 126 ಗ್ರಾಂ. 0.05 ಮೋಲಾರ್ ದ್ರಾವಣದ ಒಂದು ಲೀಟರಿಗೆ 6.3 ಗ್ರಾಂ ಆಗುತ್ತದೆ, ಕಾಲು ಲೀಟರಿಗೆ 1.575 ಗ್ರಾಂ. ಹಾಳೆಯ ಅಂಕಿ ಸರಿಯಾಗಿದೆ. ನೀರಿಲ್ಲದ ಆಕ್ಸಾಲಿಕ್ ಆಸಿಡ್ ಕೂಡ ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದರ ಒಂದು ಮೋಲ್‌ಗೆ 90 ಗ್ರಾಂ ಮಾತ್ರ. ಬಾಟಲಿಯ ಲೇಬಲ್ ನೋಡದೆ ಅದನ್ನೇ 1.575 ಗ್ರಾಂ ತೂಗಿದರೆ ದ್ರಾವಣ 0.05ರ ಬದಲು 0.07 ಮೋಲಾರ್ ಆಗಿರುತ್ತದೆ. ಮುಂದಿನ ಪ್ರತಿಯೊಂದು ರೀಡಿಂಗೂ ಅಚ್ಚುಕಟ್ಟಾಗಿ ಬರುತ್ತದೆ, ಒಂದಕ್ಕೊಂದು ಹೊಂದುತ್ತದೆ, ಉತ್ತರ ಮಾತ್ರ ತಪ್ಪಿರುತ್ತದೆ. ಹಾಗಾಗಿ ಪಟ್ಟಿಯಲ್ಲಿ ರಾಸಾಯನಿಕದ ಹೆಸರಿನ ಮುಂದೆ ಅದರ ರೂಪವನ್ನೂ ಬರೆದುಕೊಳ್ಳಬೇಕು: ‘ಆಕ್ಸಾಲಿಕ್ ಆಸಿಡ್, ಎರಡು ನೀರಿನ ಅಣುಗಳಿರುವ ಹರಳು’.

ಒಬ್ಬ ವಿದ್ಯಾರ್ಥಿಗೆ 250 ಮಿ.ಲೀ. ನಿಜವಾಗಿ ಬೇಕೇ ಎಂಬುದನ್ನೂ ನೋಡಬಹುದು. ಒಂದು ಟೈಟ್ರೇಷನ್ನಿಗೆ 10 ಮಿ.ಲೀ.; ಮೂರೋ ನಾಲ್ಕೋ ಸಲ ಮಾಡಿದರೂ, ಪಿಪೆಟ್ ಜಾಲಾಡಿಸಿದ್ದನ್ನು ಸೇರಿಸಿದರೂ 60 ಮಿ.ಲೀ. ಸಾಕು. ಹಾಳೆ ಹೇಳಿದ ಕಾಲು ಲೀಟರನ್ನು ಮೂರು ನಾಲ್ಕು ಜನ ಹಂಚಿಕೊಳ್ಳಬಹುದು. ಪರ್ಮಾಂಗನೇಟ್ ತಲಾ 60 ಮಿ.ಲೀ. ಎಂದರೆ ಇಪ್ಪತ್ತು ಜನರ ತಂಡಕ್ಕೆ 1.2 ಲೀಟರ್. 0.02 ಮೋಲಾರ್ ಆಸುಪಾಸಿನ ದ್ರಾವಣಕ್ಕೆ ಸುಮಾರು 3.8 ಗ್ರಾಂ ಹರಳು ಸಾಕಾಗುತ್ತದೆ. ಇಷ್ಟು ಲೆಕ್ಕ ಮೊದಲೇ ಇದ್ದರೆ ಅರ್ಧ ತಂಡದ ಟೈಟ್ರೇಷನ್ ಆದ ಮೇಲೆ ದ್ರಾವಣ ಮುಗಿಯುವುದಿಲ್ಲ. ಹೊಸ ಬಾಟಲಿಯ ದ್ರಾವಣ ಬಂದರೆ ಹಳೆಯ ರೀಡಿಂಗ್‌ಗಳು ಅದಕ್ಕೆ ಹೊಂದುವುದಿಲ್ಲ. ಎಲ್ಲರೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಪಾತ್ರೆಯ ಹೆಸರೇ ನಿಖರತೆಯ ಸೂಚನೆ

ಹಾಳೆಯ ಮೂರನೆಯ ಮತ್ತು ನಾಲ್ಕನೆಯ ಸಾಲನ್ನು ಜೊತೆಗಿಟ್ಟು ಓದಿ. ಆಕ್ಸಾಲಿಕ್ ಆಸಿಡ್ ‘ಪಿಪೆಟ್ಟಿನಿಂದ 10 ಮಿ.ಲೀ.’, ಸಲ್ಫ್ಯೂರಿಕ್ ಆಸಿಡ್ ‘ಒಂದು ಟೆಸ್ಟ್ ಟ್ಯೂಬ್’. ಎರಡನೆಯದು ಬರೆದವರ ಉದಾಸೀನ ಎಂದು ಹಲವರಿಗೆ ಅನಿಸುತ್ತದೆ. ಹಾಗಲ್ಲ. ಯಾವ ಅಳತೆ ಉತ್ತರದೊಳಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದನ್ನು ಪಾತ್ರೆಯ ಹೆಸರು ಹೇಳುತ್ತಿದೆ. ಆಕ್ಸಾಲಿಕ್ ಆಸಿಡ್‌ನ ಪ್ರಮಾಣ ಲೆಕ್ಕದಲ್ಲಿ ಬರುತ್ತದೆ. ಅದು ಒಂದು ಹನಿ ಹೆಚ್ಚಾದರೂ ಉತ್ತರ ಬದಲಾಗುತ್ತದೆ. ಸಲ್ಫ್ಯೂರಿಕ್ ಆಸಿಡ್ ಕ್ರಿಯೆಗೆ ಬೇಕಾದ ಆಮ್ಲತೆಯನ್ನು ಕೊಡುವುದಕ್ಕೆ ಮಾತ್ರ. ಒಂದು ಮೋಲಾರ್ ಆಸಿಡ್‌ನ 10 ಮಿ.ಲೀ. ಹಾಕಿದರೂ ಕ್ರಿಯೆ ಬಳಸಿಕೊಳ್ಳುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಹತ್ತೋ ಇಪ್ಪತ್ತೋ ಎಂಬುದು ಮುಖ್ಯವಲ್ಲ, ಕಡಿಮೆಯಾಗಬಾರದು ಅಷ್ಟೆ.

ಈ ಒಂದು ನಿಯಮ ತಿಳಿದರೆ ಜಾಲಾಡಿಸುವ ವಿಚಾರವೂ ತಾನೇ ತಿಳಿಯುತ್ತದೆ. ಬ್ಯುರೆಟ್ಟನ್ನು ಪರ್ಮಾಂಗನೇಟಿನಿಂದ ಜಾಲಾಡಿಸಿ ಎಂದು ಹಾಳೆ ಹೇಳಿದೆ. ಪಿಪೆಟ್ ಮತ್ತು ಕೋನಿಕಲ್ ಫ್ಲಾಸ್ಕಿನ ಬಗ್ಗೆ ಏನೂ ಹೇಳಿಲ್ಲ. ಪಿಪೆಟ್ಟಿನೊಳಗೆ ನೀರು ಉಳಿದಿದ್ದರೆ ಅದು ಆಕ್ಸಾಲಿಕ್ ಆಸಿಡ್ ಅನ್ನು ತೆಳುವಾಗಿಸುತ್ತದೆ. ಆದ್ದರಿಂದ ಅದನ್ನು ಆಕ್ಸಾಲಿಕ್ ಆಸಿಡ್ ದ್ರಾವಣದಿಂದಲೇ ಜಾಲಾಡಿಸಬೇಕು. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಡಿಸ್ಟಿಲ್ಡ್ ನೀರಿನಿಂದ ತೊಳೆದರೆ ಸಾಕು. ಒಳಗೆ ಒಂದಿಷ್ಟು ನೀರು ನಿಂತಿದ್ದರೂ ಅಡ್ಡಿಯಿಲ್ಲ. ಅಳೆದು ಹಾಕಿದ 10 ಮಿ.ಲೀ.ಯಲ್ಲಿದ್ದ ಆಕ್ಸಾಲಿಕ್ ಆಸಿಡ್ ನೀರು ಸೇರಿದರೂ ಅಷ್ಟೇ ಇರುತ್ತದೆ. ಫ್ಲಾಸ್ಕನ್ನೂ ಆಕ್ಸಾಲಿಕ್ ಆಸಿಡ್‌ನಿಂದ ಜಾಲಾಡಿಸಿದರೆ ಗೋಡೆಗೆ ಅಂಟಿದ ಹನಿಗಳು ಲೆಕ್ಕಕ್ಕೆ ಸಿಗದೆ ಸೇರಿಕೊಂಡು ರೀಡಿಂಗ್ ಹೆಚ್ಚಾಗುತ್ತದೆ. ‘ಎಲ್ಲವನ್ನೂ ಚೆನ್ನಾಗಿ ಜಾಲಾಡಿಸಿದೆ’ ಎನ್ನುವ ವಿದ್ಯಾರ್ಥಿಯ ಉತ್ತರ ತಪ್ಪುವುದು ಹೀಗೆ.

ಎರಡನೆಯ ಓದು: ಕ್ರಮ

ಎರಡನೆಯ ಓದಿನಲ್ಲಿ ಪ್ರತಿ ಸಾಲನ್ನೂ ಒಂದೊಂದು ಕೈಚಲನೆಯಾಗಿ ಒಡೆಯಬೇಕು. ಒಂದು ವಾಕ್ಯದಲ್ಲಿ ಮೂರು ಕೆಲಸ ಇದ್ದರೆ ಮೂರು ಸಾಲು ಬರೆಯಿರಿ. ಎರಡು ಕೆಲಸಗಳ ನಡುವೆ ಏನೋ ಬಿಟ್ಟುಹೋಗಿದೆ ಎನಿಸಿದಲ್ಲಿ ಪ್ರಶ್ನೆ ಚಿಹ್ನೆ ಹಾಕಿ.

ಮೊದಲ ಸಾಲನ್ನೇ ನೋಡಿ. ‘ತೂಗಿ, ಕರಗಿಸಿ, 250 ಮಿ.ಲೀ.ಗೆ ತನ್ನಿ’. ವಾಚ್ ಗ್ಲಾಸಿನಿಂದ ಹರಳನ್ನು ಬೀಕರಿಗೆ ಸುರಿದ ಮೇಲೆ ಅದಕ್ಕೆ ಅಂಟಿದ ಪುಡಿಯನ್ನು ವಾಷ್ ಬಾಟಲಿನ ನೀರಿನಿಂದ ಬೀಕರಿನೊಳಗೇ ತೊಳೆಯಬೇಕು. ಕರಗಿದ ಮೇಲೆ ಫನಲ್ ಮೂಲಕ ಸ್ಟ್ಯಾಂಡರ್ಡ್ ಫ್ಲಾಸ್ಕಿಗೆ ಸುರಿಯಬೇಕು. ಬೀಕರ್, ಕಡ್ಡಿ, ಫನಲ್ ಮೂರನ್ನೂ ಎರಡು ಮೂರು ಸಲ ತೊಳೆದು ಆ ನೀರನ್ನೂ ಫ್ಲಾಸ್ಕಿಗೇ ಸೇರಿಸಬೇಕು. ಬೇಗ ಕರಗಲಿ ಎಂದು ನೀರನ್ನು ಬೆಚ್ಚಗೆ ಮಾಡಿದ್ದರೆ ಅದು ಕೋಣೆಯ ಉಷ್ಣತೆಗೆ ಇಳಿಯುವವರೆಗೆ ಕಾಯಬೇಕು. ಬಿಸಿ ದ್ರಾವಣವನ್ನು ಗುರುತಿಗೆ ತಂದರೆ ತಣಿದ ಮೇಲೆ ಅದು ಗುರುತಿನಿಂದ ಕೆಳಗಿಳಿಯುತ್ತದೆ. ಕೊನೆಯ ಕೆಲವು ಹನಿಗಳನ್ನು ಒಂದೊಂದಾಗಿ ಹಾಕಿ, ಬಾಗಿದ ನೀರಿನ ಕೆಳ ಅಂಚು ಗುರುತನ್ನು ಮುಟ್ಟಿದಾಗ ನಿಲ್ಲಿಸಬೇಕು. ಆಮೇಲೆ ಬಿರಡೆ ಹಾಕಿ ತಲೆಕೆಳಗಾಗಿಸಿ ಹಲವು ಸಲ ಬೆರೆಸಬೇಕು. ಈ ಕೊನೆಯ ಕೆಲಸ ಮರೆತರೆ ಫ್ಲಾಸ್ಕಿನ ತಳದಲ್ಲಿ ಗಟ್ಟಿ, ಮೇಲೆ ತೆಳು ದ್ರಾವಣ ಇರುತ್ತದೆ. ಒಂದು ಪಿಪೆಟ್ಟಿಗೂ ಇನ್ನೊಂದಕ್ಕೂ ರೀಡಿಂಗ್ ಹೊಂದುವುದೇ ಇಲ್ಲ.

ಎರಡನೆಯ ಸಾಲಿನಲ್ಲಿ ‘ತುಂಬಿಸಿ’ ಮತ್ತು ‘ರೀಡಿಂಗ್ ಬರೆದುಕೊಳ್ಳಿ’ ಇವುಗಳ ನಡುವೆ ಎರಡು ಕೆಲಸಗಳು ಬಿಟ್ಟುಹೋಗಿವೆ. ಒಂದು, ಕೆಳಗಿನ ಮೂತಿಯಲ್ಲಿ ಗಾಳಿಯ ಗುಳ್ಳೆ ಇದ್ದರೆ ನಲ್ಲಿಯನ್ನು ಒಮ್ಮೆ ಪೂರ್ತಿ ತೆರೆದು ಅದನ್ನು ಹೊರದೂಡುವುದು. ಗುಳ್ಳೆ ಟೈಟ್ರೇಷನ್ನಿನ ನಡುವೆ ಹೊರಬಿದ್ದರೆ ಅಷ್ಟು ಜಾಗವನ್ನು ದ್ರಾವಣ ತುಂಬಿಕೊಳ್ಳುತ್ತದೆ. ಫ್ಲಾಸ್ಕಿಗೆ ಬೀಳದ ದ್ರಾವಣವೂ ರೀಡಿಂಗಿಗೆ ಸೇರಿಬಿಡುತ್ತದೆ. ಇನ್ನೊಂದು, ಮೇಲಿನ ಫನಲ್ ತೆಗೆಯುವುದು. ತೆಗೆಯದಿದ್ದರೆ ಅದರಲ್ಲಿ ಉಳಿದ ಹನಿ ಯಾವಾಗಲೋ ಒಳಗೆ ಬಿದ್ದು ಲೆಕ್ಕ ಕೆಡಿಸುತ್ತದೆ. ರೀಡಿಂಗ್ ತೆಗೆಯುವಾಗಲೂ ಈ ದ್ರಾವಣಕ್ಕೆ ಒಂದು ವಿನಾಯಿತಿ ಇದೆ. ಬಣ್ಣವಿಲ್ಲದ ದ್ರಾವಣದಲ್ಲಿ ಕೆಳ ಅಂಚನ್ನು ನೋಡುತ್ತೇವೆ. ಪರ್ಮಾಂಗನೇಟಿನ ಗಾಢ ಬಣ್ಣದಲ್ಲಿ ಕೆಳ ಅಂಚು ಕಾಣುವುದಿಲ್ಲ. ಇಲ್ಲಿ ಮೇಲಿನ ಅಂಚನ್ನೇ ಓದಬೇಕು, ಆರಂಭದಲ್ಲೂ ಕೊನೆಯಲ್ಲೂ ಅದನ್ನೇ ಓದಬೇಕು.

ಮೂರನೆಯ ಸಾಲಿನಲ್ಲಿ ಪಿಪೆಟ್ ಖಾಲಿಯಾದಾಗ ತುದಿಯಲ್ಲಿ ಒಂದು ಹನಿ ಉಳಿಯುತ್ತದೆ. ಅದನ್ನು ಊದಿ ಹಾಕಬಾರದು. ತುದಿಯನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿ ತೆಗೆದರೆ ಸಾಕು; ಆ ಹನಿ ಉಳಿಯುತ್ತದೆ ಎಂದು ಲೆಕ್ಕ ಹಾಕಿಯೇ ಪಿಪೆಟ್ಟಿನ ಮೇಲೆ ಗುರುತು ಮಾಡಿರುತ್ತಾರೆ.

ಆ ಹತ್ತು ಡಿಗ್ರಿ

ಐದನೆಯ ಸಾಲು ಹಾಳೆಯಲ್ಲಿ ಚಿಕ್ಕದು. ಪ್ರಯೋಗ ಹೆಚ್ಚಾಗಿ ಎಡವುವುದು ಅಲ್ಲೇ. 60ರಿಂದ 70 ಡಿಗ್ರಿ ಎಂದು ಏಕೆ?

ಆಕ್ಸಾಲಿಕ್ ಆಸಿಡ್ ಮತ್ತು ಪರ್ಮಾಂಗನೇಟ್ ತಣ್ಣಗಿದ್ದಾಗ ಬಹಳ ನಿಧಾನವಾಗಿ ಕ್ರಿಯೆ ನಡೆಸುತ್ತವೆ. ಹಾಕಿದ ಹನಿಯ ಬಣ್ಣ ಹೋಗುವುದಿಲ್ಲ. ಕೊನೆಯ ಬಿಂದು ಬಂತೆಂದು ವಿದ್ಯಾರ್ಥಿ ಮೊದಲ ಹನಿಗೇ ನಿಲ್ಲಿಸಬಹುದು. ಅತಿಯಾಗಿ ಕಾಯಿಸಿದರೆ, ಕುದಿಯುವ ಹಂತಕ್ಕೆ ಹೋದರೆ, ಆಕ್ಸಾಲಿಕ್ ಆಸಿಡ್ ತಾನಾಗಿಯೇ ಒಡೆದು ಅನಿಲವಾಗಿ ಹೋಗತೊಡಗುತ್ತದೆ. ಫ್ಲಾಸ್ಕಿನಲ್ಲಿ ಉಳಿದದ್ದು ಕಡಿಮೆಯಾದ್ದರಿಂದ ಪರ್ಮಾಂಗನೇಟ್ ಕಡಿಮೆ ಸಾಕಾಗುತ್ತದೆ. ಅದು ಇರುವುದಕ್ಕಿಂತ ಗಟ್ಟಿ ಎಂದು ಲೆಕ್ಕ ಹೇಳುತ್ತದೆ. ಆದ್ದರಿಂದ ಈ ಸಾಲಿನ ಮುಂದೆ ‘ಕುದಿಸಬಾರದು’ ಎಂದು ನಿಮ್ಮ ಕೈಯಿಂದಲೇ ಬರೆದುಕೊಳ್ಳಿ. ಥರ್ಮಾಮೀಟರನ್ನು ಫ್ಲಾಸ್ಕಿನೊಳಗೆ ಅದ್ದಿದ್ದರೆ, ತೆಗೆಯುವಾಗ ಅದಕ್ಕೆ ಅಂಟಿದ ದ್ರಾವಣವನ್ನು ವಾಷ್ ಬಾಟಲಿನ ನೀರಿನಿಂದ ಫ್ಲಾಸ್ಕಿನೊಳಗೇ ತೊಳೆದುಬಿಡಿ.

ಸರಿಯಾಗಿ ಬಿಸಿ ಮಾಡಿದರೂ ಮೊದಲ ಒಂದೆರಡು ಹನಿಗಳ ಬಣ್ಣ ಹೋಗಲು ಕೆಲವು ಸೆಕೆಂಡು ಹಿಡಿಯುತ್ತದೆ. ಹಾಳೆ ಇದನ್ನು ಹೇಳುವುದಿಲ್ಲ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ಮುಂದಿನ ಕ್ರಿಯೆಯನ್ನು ವೇಗಗೊಳಿಸುತ್ತವೆ. ಆರಂಭದಲ್ಲಿ ಅವು ಇರುವುದಿಲ್ಲ. ಹಾಗಾಗಿ ಮೊದಲ ಹನಿ ಬಣ್ಣ ಕಳೆದುಕೊಳ್ಳುವವರೆಗೆ ಕಾದು, ಆಮೇಲೆ ಫ್ಲಾಸ್ಕ್ ಅಲುಗಾಡಿಸುತ್ತಾ ವೇಗ ಹೆಚ್ಚಿಸಬಹುದು. ಅವಸರದಲ್ಲಿ ಒಮ್ಮೆಲೇ ಸುರಿದರೆ ದ್ರಾವಣ ಕಂದಾಗಿ ಕದಡುತ್ತದೆ. ಅದು ಮ್ಯಾಂಗನೀಸ್ ಡೈಆಕ್ಸೈಡ್. ಪರ್ಮಾಂಗನೇಟ್ ಬಣ್ಣವಿಲ್ಲದ ಮ್ಯಾಂಗನೀಸ್ ಅಯಾನಿನವರೆಗೆ ಇಳಿಯದೆ ಅರ್ಧ ದಾರಿಯಲ್ಲಿ ನಿಂತಿದೆ ಎಂದು ಅದರ ಅರ್ಥ. ಆಸಿಡ್ ಸಾಲದೆ ಇದ್ದಾಗ, ದ್ರಾವಣ ತಣಿದಾಗ ಅಥವಾ ಬೇಗ ಸುರಿದಾಗ ಹೀಗಾಗುತ್ತದೆ. ಆ ಸಲದ ರೀಡಿಂಗನ್ನು ಬಿಟ್ಟು ಹೊಸದಾಗಿ ಶುರು ಮಾಡುವುದೇ ಸರಿ.

‘ಮಾಸದ ತಿಳಿ ಗುಲಾಬಿ’ ಎಂಬ ಮಾತಿಗೂ ಒಂದು ಅಳತೆ ಬೇಕು. ಅಲುಗಾಡಿಸಿದ ಮೇಲೆ ಅರ್ಧ ನಿಮಿಷ ಬಣ್ಣ ನಿಂತರೆ ಸಾಕು. ಬಹಳ ಹೊತ್ತು ಬಿಟ್ಟರೆ ಅದು ತಾನಾಗಿಯೇ ಮಾಸಬಹುದು. ಅದನ್ನು ಕಂಡು ಮತ್ತೆ ಹನಿ ಹಾಕುತ್ತಾ ಹೋಗಬಾರದು. ಇಲ್ಲಿ ಬೇರೆ ಸೂಚಕದ ಅಗತ್ಯವಿಲ್ಲ, ಪರ್ಮಾಂಗನೇಟಿನ ಬಣ್ಣವೇ ಸೂಚಕ. ಪಟ್ಟಿಯಲ್ಲಿ ಸೂಚಕ ಕಾಣದಿದ್ದರೆ ಬಿಟ್ಟುಹೋಗಿದೆ ಎಂದು ತಿಳಿಯಬೇಡಿ.

ಇದೇ ಬ್ಯುರೆಟ್, ಇದೇ ಪರ್ಮಾಂಗನೇಟ್ ಬಳಸಿ ಮೋರ್ ಸಾಲ್ಟ್ ಜೊತೆಗೂ ಟೈಟ್ರೇಷನ್ ಮಾಡಿಸುತ್ತಾರೆ. ಆ ಹಾಳೆಯಲ್ಲಿ ‘ಬಿಸಿ ಮಾಡಿ’ ಎಂಬ ಸಾಲೇ ಇರುವುದಿಲ್ಲ. ಅಲ್ಲಿನ ಕಬ್ಬಿಣದ ಅಯಾನು ಕೋಣೆಯ ಉಷ್ಣತೆಯಲ್ಲೇ ತಕ್ಷಣ ಕ್ರಿಯೆ ನಡೆಸುತ್ತದೆ. ಬಿಸಿ ಮಾಡಿದರೆ ಗಾಳಿಯ ಆಮ್ಲಜನಕವೂ ಅದನ್ನು ಉತ್ಕರ್ಷಿಸಿ ಉತ್ತರ ಕೆಡಿಸುತ್ತದೆ. ಹೋದ ವಾರದ ಪ್ರಯೋಗದ ನೆನಪಿನಲ್ಲಿ ಈ ವಾರದ ಪ್ರಯೋಗ ಮಾಡುವವರು ಈ ಒಂದು ಸಾಲಿನಲ್ಲೇ ಸಿಕ್ಕಿಬೀಳುತ್ತಾರೆ.

ಮೂರನೆಯ ಓದು: ಅಪಾಯ

‘ಆಸಿಡ್‌ಗಳನ್ನು ಜಾಗರೂಕತೆಯಿಂದ ಬಳಸಿ’ ಎಂಬ ಸಾಲಿನಿಂದ ಯಾರ ಕೈಯೂ ಉಳಿಯುವುದಿಲ್ಲ. ಏನನ್ನು ಮಾಡಬೇಕು, ಏನನ್ನು ಮಾಡಬಾರದು ಎಂದು ಅದು ಹೇಳುವುದಿಲ್ಲ. ಸುರಕ್ಷತೆಯ ಪಟ್ಟಿಯನ್ನು ಹಂತ ಹಂತವಾಗಿ ನಾವೇ ತಯಾರಿಸಿಕೊಳ್ಳಬೇಕು. ಪ್ರತಿ ಹಂತದಲ್ಲೂ ಮೂರು ಪ್ರಶ್ನೆ ಕೇಳಿ: ಈ ವಸ್ತು ಯಾವ ದಾರಿಯಿಂದ ಮೈಗೆ ತಗುಲಬಹುದು? ತಡೆಯುವುದು ಹೇಗೆ? ತಗುಲಿದರೆ ಮೊದಲು ಏನು ಮಾಡಬೇಕು?

ಆಕ್ಸಾಲಿಕ್ ಆಸಿಡ್ ಸಕ್ಕರೆಯಂತೆ ಕಾಣುವ ಬಿಳಿ ಹರಳು, ಆದರೆ ವಿಷ. ಮೈಯೊಳಗೆ ಹೋದರೆ ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಅದು ಬಾಯಿಗೆ ಹೋಗುವ ದಾರಿ ಮೂರನೆಯ ಸಾಲಿನಲ್ಲಿದೆ: ಪಿಪೆಟ್. ಬಾಯಿಯಿಂದ ಎಳೆಯುವ ಹಳೆಯ ಅಭ್ಯಾಸ ಇನ್ನೂ ಕೆಲವೆಡೆ ಉಳಿದಿದೆ. ತುದಿ ದ್ರಾವಣದಿಂದ ಮೇಲೆ ಬಂದ ಕ್ಷಣ ಗಾಳಿಯೊಂದಿಗೆ ದ್ರಾವಣವೂ ಬಾಯಿಗೆ ನುಗ್ಗುತ್ತದೆ. ಆದ್ದರಿಂದ ಮೊದಲ ಓದಿನಲ್ಲಿ ಬರೆದುಕೊಂಡ ರಬ್ಬರ್ ಬಲ್ಬ್ ಸಾಮಾನಿನ ಪಟ್ಟಿಯಲ್ಲೂ ಇರಬೇಕು, ಸುರಕ್ಷತೆಯ ಪಟ್ಟಿಯಲ್ಲೂ ಇರಬೇಕು.

ಇಡೀ ಹಾಳೆಯಲ್ಲಿ ಅತ್ಯಂತ ಮುಖ್ಯವಾದ ಸುರಕ್ಷತಾ ಪದ ಎಚ್ಚರಿಕೆಯ ಸಾಲಿನಲ್ಲಿಲ್ಲ, ನಾಲ್ಕನೆಯ ಸಾಲಿನಲ್ಲಿದೆ: ‘ಡೈಲ್ಯೂಟ್’. ಬಾವಿಗೆ ಹಾಕುವ ನೇರಳೆ ಹರಳು ಎಂದು ಹಳ್ಳಿಗಳಲ್ಲಿ ಪರಿಚಿತವಾದ ಪೊಟ್ಯಾಸಿಯಂ ಪರ್ಮಾಂಗನೇಟ್, ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಆಸಿಡ್ ಜೊತೆ ಸೇರಿದರೆ ಸ್ಫೋಟಿಸಬಲ್ಲ ಎಣ್ಣೆಯಂಥ ವಸ್ತುವೊಂದು ಹುಟ್ಟುತ್ತದೆ. ಕಪಾಟಿನಲ್ಲಿ ಎರಡೂ ಆಸಿಡ್ ಬಾಟಲಿಗಳು ಅಕ್ಕಪಕ್ಕ ಇರಬಹುದು, ಎರಡರ ಮೇಲೂ ಒಂದೇ ಹೆಸರಿರಬಹುದು. ಟೈಟ್ರೇಷನ್ ಮೇಜಿನ ಮೇಲೆ ಡೈಲ್ಯೂಟ್ ಆಸಿಡ್ ಮಾತ್ರ ಇರಬೇಕು. ಪರ್ಮಾಂಗನೇಟ್ ಹರಳಿನ ಬಾಟಲಿ ಆ ಮೇಜಿಗೆ ಬರಲೇಬಾರದು. ಗ್ಲಿಸರಿನ್‌ನಂಥ ವಸ್ತುಗಳೊಂದಿಗೂ ಆ ಹರಳು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಾಟಲಿಯ ಮೇಲೆ ವೃತ್ತದ ಮೇಲೆ ಜ್ವಾಲೆ ಇರುವ ಚಿತ್ರ ಕಂಡರೆ ಅದು ಇಂಥ ಉತ್ಕರ್ಷಕ ಎಂಬ ಸೂಚನೆ.

ಡೈಲ್ಯೂಟ್ ಆಸಿಡ್ ತಯಾರಿಸುವುದು ಅಧ್ಯಾಪಕರ ಅಥವಾ ಲ್ಯಾಬ್ ಸಹಾಯಕರ ಕೆಲಸ. ಒಂದು ಲೀಟರ್ ಒಂದು ಮೋಲಾರ್ ದ್ರಾವಣಕ್ಕೆ ಸುಮಾರು 55 ಮಿ.ಲೀ. ಕಾನ್ಸಂಟ್ರೇಟೆಡ್ ಆಸಿಡ್ ಬೇಕು. ಅದನ್ನು ಹೆಚ್ಚು ನೀರಿಗೆ ನಿಧಾನವಾಗಿ, ಕಲಕುತ್ತಾ ಸೇರಿಸಬೇಕು. ಆಸಿಡ್‌ಗೆ ನೀರು ಹಾಕಿದರೆ ಮೇಲೆ ಬಿದ್ದ ನೀರು ಅಲ್ಲೇ ಕುದಿದು ಆಸಿಡ್ ಅನ್ನು ಮುಖಕ್ಕೆ ಎರಚುತ್ತದೆ.

ಸಲ್ಫ್ಯೂರಿಕ್ ಬದಲು ಪಕ್ಕದಲ್ಲಿದ್ದ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ? ಅದೂ ಆಸಿಡ್ ತಾನೇ ಎಂದು ಕೆಲವರು ಕೇಳುತ್ತಾರೆ. ಪರ್ಮಾಂಗನೇಟ್ ಅದರಿಂದ ಕ್ಲೋರಿನ್ ಅನಿಲವನ್ನು ಬಿಡಿಸುತ್ತದೆ, ಅದನ್ನು ಉಸಿರಾಡಬಾರದು. ಆ ಕೆಲಸಕ್ಕೂ ಪರ್ಮಾಂಗನೇಟ್ ಖರ್ಚಾಗುವುದರಿಂದ ರೀಡಿಂಗೂ ಹೆಚ್ಚಾಗುತ್ತದೆ. ನೈಟ್ರಿಕ್ ಆಸಿಡ್ ತಾನೇ ಉತ್ಕರ್ಷಕವಾದ್ದರಿಂದ ಅದೂ ಆಗದು. ಹಾಳೆಯಲ್ಲಿ ಹೆಸರಿಸಿದ ವಸ್ತುವಿನ ಬದಲು ಇನ್ನೊಂದನ್ನು ಹಾಕಲು ಹೊರಟಾಗ ಸುರಕ್ಷತೆಯೂ ನಿಖರತೆಯೂ ಒಟ್ಟಿಗೇ ಕೈತಪ್ಪುತ್ತವೆ.

ಐದನೆಯ ಮತ್ತು ಆರನೆಯ ಸಾಲಿನ ಅಪಾಯ ಕಣ್ಣಿಗೆ. ಆಸಿಡ್ ಇರುವ ಬಿಸಿ ಫ್ಲಾಸ್ಕನ್ನು ಅಲುಗಾಡಿಸುತ್ತಾ ಮುಖ ಬಗ್ಗಿಸಿ ಬಣ್ಣ ನೋಡುತ್ತೇವೆ. ಕನ್ನಡಕ ಬೇಕಾಗುವುದು ಆಗಲೇ. ಬರ್ನರ್ ಉರಿಯುವಾಗ ಕೂದಲು, ದುಪಟ್ಟಾ ಕಟ್ಟಿಕೊಂಡಿರಬೇಕು. ಕಣ್ಣಿಗೆ ಹನಿ ಬಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಚರ್ಮಕ್ಕೆ ಬಿದ್ದರೂ ಮೊದಲು ಮಾಡಬೇಕಾದದ್ದು ಹೇರಳ ನೀರಿನಿಂದ ತೊಳೆಯುವುದೇ. ಹಾಗಾಗಿ ಪ್ರಯೋಗಾಲಯದ ನಲ್ಲಿ ಎಲ್ಲಿದೆ, ಅದರಲ್ಲಿ ನೀರು ಬರುತ್ತಿದೆಯೇ ಎಂಬುದೂ ಸುರಕ್ಷತೆಯ ಪಟ್ಟಿಯ ಒಂದು ಸಾಲು.

ಕೊನೆಗೆ, ಉಳಿದದ್ದನ್ನು ಏನು ಮಾಡಬೇಕು? ಈ ಪ್ರಶ್ನೆಗೆ ನಮ್ಮ ಹಾಳೆಯಲ್ಲಿ ಉತ್ತರವೇ ಇಲ್ಲ. ಉಳಿದ ಪರ್ಮಾಂಗನೇಟಿಗೆ ಉಳಿದ ಆಕ್ಸಾಲಿಕ್ ಆಸಿಡ್ ಮತ್ತು ಡೈಲ್ಯೂಟ್ ಸಲ್ಫ್ಯೂರಿಕ್ ಸೇರಿಸಿ ಬಣ್ಣ ಹೋಗಿಸಿ, ಆಮೇಲೆ ಅಧ್ಯಾಪಕರು ಹೇಳಿದ ಕಡೆ ಸುರಿಯಬೇಕು. ಬ್ಯುರೆಟ್ಟಿಗೆ ಹಿಡಿದ ಕಂದು ಕಲೆಯೂ ಇದೇ ಆಕ್ಸಾಲಿಕ್ ಆಸಿಡ್‌ನಿಂದ ಹೋಗುತ್ತದೆ.

ಕೊನೆಯ ಲೆಕ್ಕ

ಮೂರು ಪಟ್ಟಿಗಳೂ ಸಿದ್ಧವಾದ ಮೇಲೆ ಪ್ರಯೋಗದ ಫಲಿತಾಂಶವನ್ನು ಪರಿಶೀಲಿಸುವುದು ಸುಲಭ. ಮೊದಲ ಅಂದಾಜು ಟೈಟ್ರೇಷನ್ನಿಗೆ 10.5 ಮಿ.ಲೀ., ನಂತರದ ಎರಡಕ್ಕೂ 10.2 ಮಿ.ಲೀ. ಬಂತು ಎಂದುಕೊಳ್ಳಿ. ಅಂದಾಜನ್ನು ಬಿಟ್ಟು 10.2 ತೆಗೆದುಕೊಳ್ಳಬೇಕು. ಐದು ಮೋಲ್ ಆಕ್ಸಾಲಿಕ್ ಆಸಿಡ್‌ಗೆ ಎರಡು ಮೋಲ್ ಪರ್ಮಾಂಗನೇಟ್ ಬೇಕು. 0.05 ಮೋಲಾರ್ ದ್ರಾವಣದ 10 ಮಿ.ಲೀ.ಯಲ್ಲಿ 0.5 ಮಿಲಿಮೋಲ್ ಆಕ್ಸಾಲಿಕ್ ಆಸಿಡ್ ಇದೆ, ಅದಕ್ಕೆ 0.2 ಮಿಲಿಮೋಲ್ ಪರ್ಮಾಂಗನೇಟ್ ಬೇಕು. ಅದನ್ನು 10.2ರಿಂದ ಭಾಗಿಸಿದರೆ 0.0196 ಮೋಲಾರ್, ಅಂದರೆ ಲೀಟರಿಗೆ 3.1 ಗ್ರಾಂ. ಉತ್ತರ ಇದರಿಂದ ಬಹಳ ದೂರ ಹೋಗಿದ್ದರೆ ಯಾವ ಹಂತದಲ್ಲಿ ತಪ್ಪಿತು ಎಂದು ಪಟ್ಟಿ ನೋಡಿಯೇ ಹುಡುಕಬಹುದು. ರೀಡಿಂಗ್ ಕಡಿಮೆ ಬಂದಿದ್ದರೆ ಅತಿಯಾದ ಬಿಸಿ ಅಥವಾ ನೀರು ಉಳಿದ ಪಿಪೆಟ್; ಹೆಚ್ಚು ಬಂದಿದ್ದರೆ ಗಾಳಿಯ ಗುಳ್ಳೆ, ಆಕ್ಸಾಲಿಕ್ ಆಸಿಡ್‌ನಿಂದ ಜಾಲಾಡಿಸಿದ ಫ್ಲಾಸ್ಕ್ ಅಥವಾ ನೀರು ಉಳಿದ ಬ್ಯುರೆಟ್.

ಈ ಮೂರು ಓದಿಗೆ ಹಿಂದಿನ ಸಂಜೆಯ ಅರ್ಧ ಗಂಟೆ ಸಾಕು. ಓದಿ ಮುಗಿಸಿದ ಮೇಲೂ ಯಾವುದಾದರೂ ಸಾಲಿನಲ್ಲಿ ಯಾವ ಪಾತ್ರೆ, ಎಷ್ಟು ಪ್ರಮಾಣ, ತಗುಲಿದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ, ಬರ್ನರ್ ಹೊತ್ತಿಸುವ ಮೊದಲೇ ಅಧ್ಯಾಪಕರನ್ನು ಕೇಳಿ. ರೆಕಾರ್ಡ್ ಪುಸ್ತಕದಲ್ಲಿ ಹಾಳೆಯನ್ನು ನಕಲು ಮಾಡುವ ಬದಲು ನೀವು ತಯಾರಿಸಿದ ಈ ಮೂರು ಪಟ್ಟಿಗಳನ್ನೇ ಬರೆಯಿರಿ.